ಗುರುವಾರ ನಾನು ಶಾಲೆಯಲ್ಲೇ ಇರಲಿಲ್ಲ

ಸಂಪಾದಕರೇ,

ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ‘ಶಿಕ್ಷಕಿಯಿಂದ ಬಾಲಕನಿಗೆ ಥಳಿತ’ ಸುದ್ದಿಯ ಶಿಕ್ಷಕಿ ನಾನೇ. ಹೆಸರು ಹಾಕದಿದ್ದರೂ ಊರು ಹಾಕಿದ್ದೀರಿ. ಇರುವುದು ಇಬ್ಬರೇ ಅಕ್ಕೋರು, ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದಾರೆ. ಮೀನು ಮಾರುವವಳೂ ಈಗ ನನ್ನ ಕೈಯನ್ನೇ ನೋಡುತ್ತಾಳೆ.

ಗುರುವಾರ ಎರಡನೇ ಪಿರಿಯಡ್‌ನಲ್ಲಿ ಹೊಡೆದೆನಂತೆ. ಆ ದಿನ ನಾನು ಅಂಕೋಲೆಯಲ್ಲಿ ತರಬೇತಿಯಲ್ಲಿದ್ದೆ. ಅಲ್ಲಿಂದ ಇಲ್ಲಿಗೆ ಬೆತ್ತ ಬೀಸುವಷ್ಟು ಉದ್ದದ ಕೈ ನನಗಿಲ್ಲ. ಶಾಲೆಯಿಂದ ಯಾರು ಯಾವಾಗ ಎಲ್ಲಿಗೆ ಹೋದರೆಂದು ಬರೆದಿಡುವ ಚಲನವಲನ ವಹಿ ತೆರೆದರೆ ಮುಗಿಯುತ್ತಿತ್ತು. ಯಾರೂ ತೆರೆಯಲಿಲ್ಲ. ಬದಲಿಗೆ ಇಪ್ಪತ್ನಾಲ್ಕು ಗಂಟೆಯಲ್ಲಿ ಸಮಜಾಯಿಷಿ ಕೊಡಿ ಎಂದು ಶಿಕ್ಷಣ ಇಲಾಖೆಯ ಕಚೇರಿಯಿಂದ ನೋಟಿಸ್ ಬಂತು, ದೂರಿನ ಪ್ರತಿಯೇ ಇಲ್ಲದೆ!

ಮಳೆಯಲ್ಲಿ ಬಸ್ಸಿಗೆ ಕಾದು ಕಚೇರಿಗೆ ಹೋದರೆ ಸಾಹೇಬರ ಸಲಹೆ ಇದು: “ವಿಷಾದ ಅಂತ ಒಂದು ಸಾಲು ಬರ್ಕೊಡಿ ಅಕ್ಕೋರೇ, ಫೈಲ್ ಮುಚ್ಚೋಣ.” ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಗುವಿಗೆ ಹೊಡೆಯುವುದನ್ನು ನಿಷೇಧಿಸುತ್ತದೆ. ಹೊಡೆದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಎನ್ನುತ್ತದೆ. ಅದು ಸರಿಯೇ. ಆದರೆ ನಾನು ಬರೆದುಕೊಟ್ಟರೆ ಆ ಒಂದು ಸಾಲೇ ನಾಳೆ ತಪ್ಪೊಪ್ಪಿಗೆ ಆಗುತ್ತದಲ್ಲ? ಬರೆದುಕೊಡಲಿಲ್ಲ.

ಮೊದಲು ಕೊಟ್ಟದ್ದು ದೂರಿನ ಪ್ರತಿ ಕೊಡಿ, ಉತ್ತರಿಸಲು ಸಮಯ ಕೊಡಿ ಎಂಬ ಅರ್ಜಿ. ನನ್ನ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೆ. ಟಪಾಲು ವಿಭಾಗದವರು ಮುಖ ಸಿಂಡರಿಸಿದರು, ಸಿಂಡರಿಸಲಿ. ಪ್ರತಿ ಸಿಕ್ಕ ಮೇಲೆ ದೂರಿನ ಒಂದೊಂದು ಪ್ಯಾರಾಕ್ಕೂ ಬೇರೆ ಬೇರೆ ಉತ್ತರ ಬರೆದೆ. ಯಾವ ತಾರೀಕು, ಎಷ್ಟು ಹೊತ್ತು, ನಾನೆಲ್ಲಿದ್ದೆ, ಯಾವ ದಾಖಲೆ, ಅಷ್ಟೇ. ತರಬೇತಿಯ ಹಾಜರಾತಿ ಪತ್ರ, ವಹಿಯ ಆ ಪುಟದ ನಕಲು ಲಗತ್ತಿಸಿದೆ. ಹುಡುಗ ಸುಳ್ಳುಗಾರ, ತಾಯಿ ಜಗಳಗಂಟಿ ಎಂದೆಲ್ಲ ಒಂದಕ್ಷರ ಬರೆಯಲಿಲ್ಲ. ಸಿಟ್ಟಿನಲ್ಲಿ ಬರೆದ ಮಾತನ್ನೇ ನಂತರ ಓದಿ ಹೇಳುತ್ತಾರೆ. ಹುಡುಗನ ಮೈಮೇಲೆ ಗಾಯ ಇದ್ದದ್ದಂತೂ ನಿಜವಂತೆ. ಹಾಗಿದ್ದರೆ ಅದು ಹೇಗಾಯಿತೆಂದು ಬೇರೆಯವರು ಕೇಳಿ ತಿಳಿಯಲಿ ಎಂದು ಕೊನೆಗೆ ಬರೆದೆ.

ಮುಖ್ಯ ಗುರುಗಳು “ಸುಮ್ನೆ ಮನೆಗೆ ಹೋಗಿ ಮಾತಾಡಿ ಬನ್ನಿ” ಎಂದರು. ಹೋದರೆ ಬೆದರಿಸಲು ಬಂದರು ಎಂದು ಇನ್ನೊಂದು ದೂರು. ಹುಡುಗನನ್ನು ಕರೆದು ಕೇಳಿದರೂ ಅದೇ ಕಥೆ. ಅದಕ್ಕೇ ಫೋನಿನಲ್ಲೂ ಮಾತಾಡಿಲ್ಲ. ಹುಡುಗನ ಮನೆಯವರು ಕಳಿಸಿದ ವಾಟ್ಸಾಪ್ ಮೆಸೇಜು ಅಳಿಸಿಯೂ ಇಲ್ಲ.

ಇದೇ ಕಚೇರಿಗೆ ನಮ್ಮ ಅಡುಗೆ ಕೋಣೆಯ ಮಾಡು ಸೋರುತ್ತದೆ ಎಂದು ಪ್ರತಿ ಮಳೆಗಾಲ ಬರೆಯುತ್ತೇವೆ. ಅದಕ್ಕೆ ಇಪ್ಪತ್ನಾಲ್ಕು ಗಂಟೆಯ ಗಡುವು ಯಾಕಿಲ್ಲವೋ! ನನ್ನ ವೈದ್ಯಕೀಯ ಬಿಲ್ಲು ಯಾರ ಟೇಬಲ್ಲಿನಲ್ಲಿ ಮಲಗಿದೆಯೋ ಗೊತ್ತಿಲ್ಲ. ಸಮೀಕ್ಷೆ ಬಂದರೆ, ಮತದಾರರ ಪಟ್ಟಿ ಬಂದರೆ ಮಾತ್ರ ನಮ್ಮ ನೆನಪು ಜಾಸ್ತಿ.

ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು. ನೀವೂ ನಿಮ್ಮ ವರದಿಗಾರರಿಗೆ ಹೇಳಿ, ಬರೆಯುವ ಮುಂಚೆ ಶಾಲೆಗೊಂದು ಫೋನ್ ಮಾಡಲಿ. ಮಾಡನ್ನೂ ರಿಪೇರಿ ಮಾಡಿಸಲಿ, ವರದಿಗಾರರಲ್ಲ, ಸಾಹೇಬರು.

– ನೊಂದ ಶಿಕ್ಷಕಿ, ಅಂಕೋಲಾ ತಾಲ್ಲೂಕು