ಮನೆ ಅತ್ತೆ ಹೆಸರಲ್ಲಿದ್ದರೂ ಕಾನೂನು ಕ್ರಮವಿಲ್ಲದೆ ಸೊಸೆಯನ್ನು ಹೊರಗೆ ಹಾಕುವಂತಿಲ್ಲ

ಅಕ್ಕತಂಗಿಯರೇ, ಗಂಡ ಹೊಡೆದು ಹೊರಗೆ ಹಾಕಿದರೆ, ಮನೆ ಅತ್ತೆ ಹೆಸರಲ್ಲಿದ್ದರೆ ಏನು ಮಾಡಬೇಕು ಅಂತ ನಿನ್ನೆ ಗುಂಪಲ್ಲಿ ಬಂದ ಪ್ರಶ್ನೆಗೆ ಉತ್ತರ ಇಲ್ಲಿದೆ.

ಹರಿಹರದಲ್ಲಿ ಗಂಡ ಹೊಡೆದು ಹೊರಗೆ ಹಾಕಿದ, ಈಗ ದಾವಣಗೆರೆಯ ತವರಿನಲ್ಲಿದ್ದೀರಿ ಅಂದುಕೊಳ್ಳಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕೋಕೆ ಹರಿಹರಕ್ಕೇ ಹೋಗಬೇಕಿಲ್ಲ. ಈಗ ಇರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಲ್ಲೇ ಹಾಕಬಹುದು. ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಮೇಡಂ ಅವರೇ ಈ ಕಾಯ್ದೆಯಡಿ ಸಂರಕ್ಷಣಾ ಅಧಿಕಾರಿ, ಅರ್ಜಿ ಬರೆಯಲು ನೆರವಾಗುತ್ತಾರೆ. ಹೆಂಡತಿ ಮಾತ್ರ ಅಲ್ಲ, ತಾಯಿ, ತಂಗಿ, ವಿಧವೆ ಸೊಸೆ, ಮದುವೆಯಾಗದೆ ಸಂಸಾರದಂತೆ ಜೊತೆಗಿದ್ದವರೂ ಕೇಳಬಹುದು.

"ಮನೆ ನನ್ನ ಹೆಸರಲ್ಲಿದೆ, ನಿನಗೇನಿದೆ ಇಲ್ಲಿ?" ಅಂತ ಅತ್ತೆ ಹೇಳಿದರೆ ಹೆದರಬೇಡಿ. ನೀವು ಅಲ್ಲಿ ಸಂಸಾರ ಮಾಡಿದ್ದರೆ ಅಲ್ಲಿರುವ ಹಕ್ಕು ಕೇಳಬಹುದು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಆದರೆ ಇದು ವಾಸದ ಹಕ್ಕು, ಆಸ್ತಿಯಲ್ಲಿ ಪಾಲಲ್ಲ. ಗಂಡನನ್ನು ಮನೆಯಿಂದ ಹೊರಗೆ ಕಳಿಸಲು ಕೋರ್ಟ್ ಹೇಳಬಹುದು, ಅತ್ತೆಯನ್ನು ಕಳಿಸುವಂತಿಲ್ಲ. ಬೇರೆ ಬಾಡಿಗೆ ಮನೆ, ಖರ್ಚಿನ ಹಣ, ಮಕ್ಕಳನ್ನು ತಾತ್ಕಾಲಿಕವಾಗಿ ಜೊತೆಗಿಟ್ಟುಕೊಳ್ಳುವುದನ್ನೂ ಕೇಳಬಹುದು.

ಮೊದಲ ವಿಚಾರಣೆಯಿಂದ 60 ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾನೂನಿದ್ದರೂ ಜಾಸ್ತಿ ದಿನ ಹಿಡಿಯುತ್ತದೆ. ಅದಕ್ಕೇ ಮೊದಲ ದಿನವೇ ಅಫಿಡವಿಟ್ ಕೊಟ್ಟು, ಕೇಸು ಮುಗಿಯುವವರೆಗೆ ನೆರವಾಗುವ ಮಧ್ಯಂತರ ಆದೇಶ ಕೇಳಿ. ಮತ್ತೆ ಹಿಂಸೆ ಕೊಡಬಾರದು ಅಂತ ಕೋರ್ಟ್ ಕೊಟ್ಟ ರಕ್ಷಣಾ ಆದೇಶ ಮೀರಿದರೆ ಗಂಡನಿಗೆ 1 ವರ್ಷದವರೆಗೆ ಜೈಲಾಗಬಹುದು. ಆದೇಶದ ಪ್ರತಿ ಸದಾ ಕೈಲಿರಲಿ. ಈಗಲೇ ಅಪಾಯ ಇದ್ದರೆ 112ಕ್ಕೆ, ಸಲಹೆ ಬೇಕಿದ್ದರೆ 181ಕ್ಕೆ ಫೋನ್ ಮಾಡಿ.