ಹಣದುಬ್ಬರ ಇಳಿದರೂ ಬೆಲೆ ಏಕೆ ಇಳಿಯುವುದಿಲ್ಲ

ಎಲ್ಲರಿಗೂ ನಮಸ್ಕಾರ. "ಹಣದುಬ್ಬರ ಶೇ. 6ರಿಂದ 3ಕ್ಕೆ ಇಳಿದಿದೆಯಂತೆ, ಬೆಲೆ ಮಾತ್ರ ಯಾವುದೂ ಇಳಿದಿಲ್ಲ, ಅಂಕಿಗಳೆಲ್ಲ ಸುಳ್ಳು" ಎಂಬ ಸಂದೇಶ ಗುಂಪಿನಲ್ಲಿ ಸುತ್ತುತ್ತಿದೆ. ಮುಂದೆ ಕಳಿಸುವ ಮೊದಲು ಇದನ್ನು ಓದಿ.

ಹಣದುಬ್ಬರ ಹೇಳುವುದು ಬೆಲೆಯನ್ನಲ್ಲ, ಬೆಲೆ ಏರುವ ವೇಗವನ್ನು. ಅದೂ ಒಂದು ವಸ್ತುವಿನದಲ್ಲ. ಆಹಾರ, ಬಾಡಿಗೆ, ಔಷಧ, ಪ್ರಯಾಣ ಎಲ್ಲ ಸೇರಿದ ಖರ್ಚಿನ ಸರಾಸರಿ. ದರ 6ರಿಂದ 3ಕ್ಕೆ ಇಳಿದರೆ ಬೆಲೆಗಳು ನಿಧಾನವಾಗಿ ಏರುತ್ತಿವೆ ಎಂದರ್ಥ. ಹಿಂದಿನ ಏರಿಕೆ ಅಲ್ಲೇ ಉಳಿಯುತ್ತದೆ. ಬೆಲೆ ನಿಜಕ್ಕೂ ಇಳಿಯಬೇಕಾದರೆ ದರ ಸೊನ್ನೆಗಿಂತ ಕೆಳಗಿರಬೇಕು.

ಏರಿಕೆಯ ಮೇಲೆ ಏರಿಕೆ ಕೂಡುತ್ತದೆ, ಚಕ್ರಬಡ್ಡಿಯಂತೆ. ಇಂದು 100 ಇರುವ ತಿಂಗಳ ಖರ್ಚು ಶೇ. 6ರ ದರದಲ್ಲಿ ಮುಂದಿನ ವರ್ಷ 106, ಅದರಾಚೆಯ ವರ್ಷ 112 ಅಲ್ಲ, 112.36. ಆ ಚಿಲ್ಲರೆ ಅಲ್ಪವೆನಿಸಬಹುದು, ಆದರೆ 12 ವರ್ಷಕ್ಕೆ ಖರ್ಚು ಸುಮಾರು 201 ಆಗುತ್ತದೆ. ಅಂದರೆ ಪೆಟ್ಟಿಗೆಯಲ್ಲಿಟ್ಟ 100ಕ್ಕೆ ಆಗ ಅರ್ಧದಷ್ಟೇ ಸಾಮಾನು. (72ನ್ನು ದರದಿಂದ ಭಾಗಿಸಿದರೆ ಬೆಲೆ ದುಪ್ಪಟ್ಟಾಗುವ ವರ್ಷಗಳು ಹೆಚ್ಚುಕಡಿಮೆ ಸಿಗುತ್ತವೆ.)

ಬ್ಯಾಂಕಿನಲ್ಲಿಟ್ಟಿದ್ದೇವಲ್ಲ ಅನ್ನುವವರು ಇದನ್ನೂ ನೋಡಿ. ಶೇ. 5 ಬಡ್ಡಿಯಲ್ಲಿ 100 ಎಂಬುದು 12 ವರ್ಷಕ್ಕೆ ಸುಮಾರು 180 ಆಗುತ್ತದೆ. ಪಾಸ್‌ಬುಕ್ಕಿನಲ್ಲಿ ಲಾಭವೇ. ಆದರೆ ಅಷ್ಟೇ ಸಾಮಾನಿಗೆ ಆಗ 201 ಬೇಕು. ತೆರಿಗೆಯನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಹಿಂದಿನ ವರ್ಷ ದರ ತೀರಾ ಹೆಚ್ಚಿದ್ದರೆ, ಈ ವರ್ಷದ್ದು ಅದರೆದುರು ಕಡಿಮೆಯಾಗಿ ಕಾಣಬಹುದು. ಹಾಗಾಗಿ ಒಂದೇ ವರ್ಷದ ಅಂಕಿ ಹಂಚುವವರು ಹಿಂದಿನ ಮೂರ್ನಾಲ್ಕು ವರ್ಷಗಳದ್ದನ್ನೂ ಜೊತೆಗೆ ಹಾಕಿ.