ಆನೆಯನ್ನು ತಡೆದದ್ದು ಮೊಳೆಯಲ್ಲ, ತಿರುವು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪುರವಣಿಯಲ್ಲಿ ಮಂಜರಾಬಾದ್ ಕೋಟೆಯ ಬಗ್ಗೆ ಬಂದ ಲೇಖನ ಓದಿದೆ. ಕೋಟೆಯ ಕದಗಳಲ್ಲಿದ್ದ ಉಕ್ಕಿನ ಮೊಳೆಗಳು ಶತ್ರುಗಳ ಆನೆಗಳನ್ನು ಚುಚ್ಚಿ ಕೊಲ್ಲುತ್ತಿದ್ದವು ಎಂಬ ಮಾತು ಅದರಲ್ಲಿದೆ. ಹಾಸನ, ಚಿಕ್ಕಮಗಳೂರು ಕಡೆಯ ಕೋಟೆಗಳಿಗೆ ಮಕ್ಕಳನ್ನು ಕರೆತರುವವರೂ ಇದನ್ನೇ ಹೇಳುತ್ತಾರೆ. ಅರ್ಧ ನಿಜ. ಉಳಿದರ್ಧವನ್ನು ಯಾರೂ ಹೇಳದಿರುವುದರಿಂದಲೇ ನಮ್ಮ ಕೋಟೆಗಳಲ್ಲಿ ಉಳಿಸಿಕೊಳ್ಳಬೇಕಾದದ್ದು ಹಾಳಾಗುತ್ತಿದೆ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

ಆನೆ ಕದ ಮುರಿಯುವುದು ಓಡಿ ಬಂದ ರಭಸದಿಂದ. ನಾಲ್ಕು ಟನ್ ತೂಗುವ ಗಂಡಾನೆ ಗಂಟೆಗೆ 18 ಕಿ.ಮೀ. ವೇಗದಲ್ಲಿ ಬಂದು ಹಣೆಯಿಂದ ಗುದ್ದಿದರೆ ದಪ್ಪ ತೇಗದ ಕದವೂ ಕೀಲು ಕಳಚಿಕೊಳ್ಳಬಹುದು. ಅದೇ ಆನೆ 6 ಕಿ.ಮೀ. ವೇಗದಲ್ಲಿ ನಡೆದು ಬಂದರೆ? ವೇಗ ಮೂರರಲ್ಲೊಂದು ಪಾಲಾದಾಗ ಗುದ್ದಿನ ಶಕ್ತಿ ಒಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಕೋಟೆ ಕಟ್ಟಿದವರಿಗೆ ಈ ಲೆಕ್ಕ ಅನುಭವದಿಂದ ಗೊತ್ತಿತ್ತು. ಹಾಗಾಗಿ ಬಾಗಿಲಿನ ಮುಂದೆ ನೇರ ದಾರಿಯನ್ನೇ ಬಿಡಲಿಲ್ಲ. ಕಡಿದಾದ ಇಕ್ಕಟ್ಟಿನ ಏರುದಾರಿ, ಕೊತ್ತಳಕ್ಕೆ ಎದುರಾಗಿ ಥಟ್ಟನೆ ಒಂದು ತಿರುವು, ತಿರುಗಿದ ಮೇಲೆ ಗೋಡೆಗಳ ನಡುವೆ ಸಣ್ಣ ಅಂಗಳ, ಅದರ ಪಕ್ಕದ ಗೋಡೆಯಲ್ಲಿ ಬಾಗಿಲು. ಇಷ್ಟು ದಾಟಿ ಬಂದ ಆನೆಗೆ ಓಡಲು ಜಾಗವೇ ಇರುವುದಿಲ್ಲ.

ಚಿತ್ರದುರ್ಗದ ಹೊರಸುತ್ತಿನಿಂದ ಮೇಲೇರಿದವರಿಗೆ ಇದು ಕಾಲಿಗೇ ತಿಳಿಯುತ್ತದೆ. ಒಂದು ಬಾಗಿಲು ದಾಟಿ ನಿಂತರೆ ಮುಂದಿನ ಬಾಗಿಲು ಕಾಣುವುದಿಲ್ಲ. ಎರಡೂ ಬದಿಗೆ ಎತ್ತರದ ಕಲ್ಲಿನ ಗೋಡೆ, ಅದರ ಮೇಲೆ ಕಾವಲಿನವರು ನಿಲ್ಲುವ ಜಾಗ.

ಕದ ಗುದ್ದಿ ಮುರಿಯಲು ಹೊತ್ತು ತರುವ ಮರದ ದಿಮ್ಮಿಯ ಪಾಡು ಇನ್ನೂ ಕಷ್ಟ. ಇಪ್ಪತ್ತು ಅಡಿಯ ದಿಮ್ಮಿಯನ್ನು ಎರಡು ಸಾಲಿನಲ್ಲಿ ಹೊತ್ತವರು ಹೇಗೋ ಮೂಲೆ ದಾಟಿಸಿದರು ಎಂದೇ ಇಟ್ಟುಕೊಳ್ಳೋಣ. ಅಂಗಳದ ಅಗಲ ಹನ್ನೆರಡು ಅಡಿಯಾದರೆ, ಪಕ್ಕದ ಗೋಡೆಯಲ್ಲಿರುವ ಕದಕ್ಕೆ ಆ ದಿಮ್ಮಿಯನ್ನು ನೇರವಾಗಿ ಹಿಡಿಯುವುದೇ ಆಗದ ಮಾತು. ಓರೆಯಾಗಿ ತಾಗಿದ ಏಟು ಜಾರಿಹೋಗುತ್ತದೆ. ಹಿಂದೆ ಸರಿದು ಮತ್ತೆ ಗುದ್ದಲು ಜಾಗವಿಲ್ಲ, ಮೇಲಿನಿಂದ ಬೀಳುವ ಕಲ್ಲಿಗೆ ಮರೆಯೂ ಇಲ್ಲ.

ಹಾಗಾದರೆ ಮೊಳೆ ಏಕೆ? ನಿಧಾನವಾಗಿ ಬಂದ ಆನೆಯೂ ಹಣೆಯೊತ್ತಿ ಕದವನ್ನು ನೂಕಬಲ್ಲದು. ಆ ಒತ್ತುವಿಕೆಗೆ ಮೊಳೆ ಉತ್ತರ. ಪುಣೆಯ ಶನಿವಾರವಾಡೆ ಬೆಟ್ಟದ ಕೋಟೆಯಲ್ಲವಾದರೂ ಅದರ ದೆಹಲಿ ದರವಾಜೆಯ ಕದಗಳು ಇಂದಿಗೂ ಇವೆ. ಒಂದು ಅಡಿ ಉದ್ದದ ಮೊಳೆಗಳು ಸಾಲುಸಾಲಾಗಿ ಆನೆಯ ಹಣೆಯ ಮಟ್ಟದಲ್ಲಿವೆ. ಅಷ್ಟಾದರೂ ಕಟ್ಟಿದವರು ಅವುಗಳನ್ನೇ ನಂಬಿ ಕೂರಲಿಲ್ಲ: ಕದ ಬಿದ್ದರೂ ಒಳಹೊಕ್ಕವರು ಮೊದಲು ಬಲಕ್ಕೆ, ಕೂಡಲೇ ಎಡಕ್ಕೆ ತಿರುಗಲೇಬೇಕು. ಮೊಳೆಗೆ ಮರುಮದ್ದೂ ಇತ್ತು. 1751ರ ಆರ್ಕಾಟ್ ಮುತ್ತಿಗೆಯಲ್ಲಿ ಹಣೆಗೆ ಕಬ್ಬಿಣದ ತಗಡು ಕಟ್ಟಿದ ಆನೆಗಳನ್ನು ಬಾಗಿಲಿಗೆ ನುಗ್ಗಿಸಿದರು. ಅವುಗಳನ್ನು ತಡೆದದ್ದು ಬಂದೂಕಿನ ಗುಂಡು. ಪೆಟ್ಟು ತಿಂದ ಆನೆಗಳು ಹಿಂದಿರುಗಿ ತಮ್ಮವರನ್ನೇ ತುಳಿದವು. ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಹಾಗಾಗಿದ್ದರೆ ಹಿಂದೆ ಇದ್ದವರ ಗತಿ ಏನಾಗುತ್ತಿತ್ತೋ ಊಹಿಸಿ.

ಮಂಜರಾಬಾದ್ ಇದೆಲ್ಲಕ್ಕಿಂತ ಬೇರೆ ಕಾಲದ್ದು. 1792ರ ಹೊತ್ತಿಗೆ ಟಿಪ್ಪು ಅದನ್ನು ಎಂಟು ಮೂಲೆಯ ನಕ್ಷತ್ರದಂತೆ ಕಟ್ಟಿಸಿದ್ದು ಫಿರಂಗಿ ಮತ್ತು ಬಂದೂಕಿನ ಯುದ್ಧವನ್ನು ಮನಸ್ಸಿನಲ್ಲಿಟ್ಟುಕೊಂಡು. ಒಂದು ಮೂಲೆಯಿಂದ ಹಾರಿದ ಗುಂಡು ಪಕ್ಕದ ಮೂಲೆಯ ಬುಡವನ್ನು ಕಾಯಬೇಕು ಎಂಬುದು ಆ ಆಕಾರದ ಅರ್ಥ. ಅಲ್ಲಿ ಆನೆಯ ಕಥೆ ಹೇಳುವುದು ಆ ಕೋಟೆಗೆ ಮಾಡುವ ಅನ್ಯಾಯ.

ಹಳೆಯ ಕೋಟೆಗಳಲ್ಲಿ ಕದಗಳು ಹೋಗಿದ್ದರೂ ಗುರುತುಗಳು ಉಳಿದಿರುತ್ತವೆ. ಹೊಸ್ತಿಲ ಕಲ್ಲಿನಲ್ಲಿ ಕದ ತಿರುಗುತ್ತಿದ್ದ ಉರುಟು ಗುಳಿ ನೋಡಿ. ಬಾಗಿಲ ಒಳಬದಿಯ ಗೋಡೆಗಳಲ್ಲಿ ಎದುರುಬದುರಾಗಿ ಎರಡು ಚೌಕ ರಂಧ್ರಗಳಿದ್ದರೆ ಕೋಲು ತೂರಿಸಿ ನೋಡಿ. ಒಂದು ಒಂದೆರಡು ಗೇಣು ಆಳವಿದ್ದು, ಇನ್ನೊಂದು ಬಾಗಿಲ ಅಗಲದಷ್ಟೇ ಒಳಕ್ಕೆ ಹೋದರೆ ಅದು ಅಗಳಿಯ ಮನೆ. ಹಗಲು ಮರದ ತೊಲೆ ಗೋಡೆಯೊಳಗೇ ಇರುತ್ತಿತ್ತು. ಅಪಾಯ ಬಂದಾಗ ಅದನ್ನು ಎಳೆದು ಎದುರಿನ ರಂಧ್ರಕ್ಕೆ ಕೂರಿಸುತ್ತಿದ್ದರು.

ದುರಸ್ತಿಯ ಹೆಸರಿನಲ್ಲಿ ಇಂಥ ರಂಧ್ರಗಳಿಗೆ ಸಿಮೆಂಟ್ ತುಂಬಿದ್ದನ್ನು, ಓಡಾಟಕ್ಕೆ ಅಡ್ಡಿ ಎಂದು ಬಾಗಿಲ ಮುಂದಿನ ಅಡ್ಡಗೋಡೆಯ ಕಲ್ಲು ತೆಗೆದದ್ದನ್ನು ಕಂಡಿದ್ದೇನೆ. ದಾರಿಯನ್ನು ತಿರುಗಿಸುವ ಆ ಅಡ್ಡಗೋಡೆಯೇ ಬಾಗಿಲಿನ ಮುಖ್ಯ ಕಾವಲು. ಕೆಲಸ ಶುರು ಮಾಡುವ ಮೊದಲು ಬಾಗಿಲ ಮುಂದಿನ ಅಂಗಳ, ತಿರುವು, ಅಗಳಿಯ ರಂಧ್ರ, ಹೊಸ್ತಿಲ ಗುಳಿ ಎಲ್ಲವನ್ನೂ ಅಳೆದು ನಕ್ಷೆ ಮಾಡಿಸಬೇಕು, ಗುತ್ತಿಗೆದಾರರಿಗೆ ಇವುಗಳನ್ನು ಮುಟ್ಟಬಾರದು ಎಂದು ಬರೆದೇ ಕೊಡಬೇಕು ಎಂದು ಸಂಬಂಧಪಟ್ಟವರನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ನಿವೃತ್ತ ಇತಿಹಾಸ ಶಿಕ್ಷಕ, ಸಕಲೇಶಪುರ